ಉಪ್ಪು ಜಾಸ್ತಿ ಅಂದೋರ ಮಾತೂ ಇರ್ಲಿ

ನಮ್ಮ ಕ್ಯಾಸಂಬಳ್ಳಿ ಕಡೆ ಮನೇಲೇ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರೋ ಹೆಂಗಸ್ರು ಈಗ ವೆಬ್‌ಸೈಟೂ ಮಾಡ್ಕೊಂಡವ್ರೆ. ನನ್ನ ನಾದಿನಿದೂ ಒಂದೈತೆ. ಅದ್ರಾಗೆ ಕೊಂಡೋರ ಅಭಿಪ್ರಾಯ ಹಾಕೋ ಕೆಲ್ಸ ನಂದು.

"ಅತ್ತಿಗೆ, ನಮ್ಮೋರ ಕೈಲೇ ನಾಲ್ಕು ಒಳ್ಳೆ ಮಾತು ಬರೆಸಿ ಹಾಕ್ಬಿಡೋಣ" ಅಂದ್ಲು. ಬೇಡಮ್ಮ ಅಂದೆ. ದುಡ್ಡು ಕೊಟ್ಟು ತಗೊಂಡೋರು ಬರೆದ್ರೆ ಅದು ಅಭಿಪ್ರಾಯ, ಚಿಕ್ಕಮ್ಮ ಬರೆದ್ರೆ ಅದು ಮುದ್ದು.

ಫೋನ್ ಮಾಡಿ ಹೊಗಳಿದೋರ ಹತ್ರ ಮಾತ್ರ ಕೇಳಿದ್ರೂ ಅದು ಅರ್ಧ ಸುಳ್ಳೇ. ಅದಕ್ಕೇ ಮಾವಿನಕಾಯಿ ಕಾಲ್ದಾಗೆ ತಗೊಂಡ ನಲವತ್ತು ಮನೆಗೂ ಒಂದೇ ಮಾತು ವಾಟ್ಸಾಪ್‌ನಾಗೆ ಕಳಿಸಿದ್ವಿ. ಜಾಡಿ ತಲುಪಿ ಹತ್ತು ದಿನ ಆದ್ಮೇಲೆ ಕಳಿಸಿದ್ದು, ಯಾಕಂದ್ರೆ ಮುಚ್ಚಳ ತೆಗೆದು ನಾಲ್ಕು ಊಟಕ್ಕಾದ್ರೂ ಬಡಿಸಿಕೊಂಡಿರಬೇಕಲ್ಲ. "ಚೆನ್ನಾಗಿತ್ತಲ್ವಾ?" ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? "ಏನು ಇಷ್ಟ ಆಯ್ತು, ಏನು ಆಗ್ಲಿಲ್ಲ, ಐದಕ್ಕೆ ಎಷ್ಟು ಸ್ಟಾರ್?" ಅಂತ ಕೇಳಿದ್ವಿ.

ಹದಿನಾಲ್ಕು ಜನ ಉತ್ತರ ಕೊಟ್ರು. ಒಂಬತ್ತು ಜನ 5 ಸ್ಟಾರ್, ಮೂರು ಜನ 4, ಇಬ್ರು 2. ಒಟ್ಟು 61, ಹದಿನಾಲ್ಕರಿಂದ ಭಾಗಿಸಿದ್ರೆ ಹತ್ರತ್ರ 4.4. ಆ ಇಬ್ರನ್ನ ಬಿಟ್ಬಿಟ್ರೆ 4.75 ಆಗ್ತಿತ್ತು. ನಾವು ಹಾಕಿದ್ದು 4.4, ಪಕ್ಕದಾಗೆ "40 ಜನಕ್ಕೆ ಕೇಳಿದ್ವಿ, 14 ಜನ ಹೇಳಿದ್ರು" ಅಂತಾನೂ ಬರೆದ್ವಿ.

ಆ ಇಬ್ರಲ್ಲಿ ಒಬ್ರು, "ರುಚಿ ಚೆನ್ನಾಗೈತೆ, ಆದ್ರೆ ಉಪ್ಪು ತುಂಬಾ ಜಾಸ್ತಿ" ಅಂದಿದ್ರು. ಮೊದಲರ್ಧ ಮಾತ್ರ ಇಟ್ಕೊಂಡಿದ್ರೆ ಅವ್ರು ಹೊಗಳಿದಂಗೆ ಕಾಣ್ತಿತ್ತು. ಪೂರ್ತಿ ಹಾಕಿ, ತಾರೀಕೂ ಹಾಕಿ, ಕೆಳಗೆ ನಾದಿನಿ ಉತ್ತರ ಬರೆದ್ಲು: "ವರ್ಷ ಇಡೋ ಉಪ್ಪಿನಕಾಯಿ, ಉಪ್ಪು ಕಮ್ಮಿ ಮಾಡಿದ್ರೆ ಬೂಷ್ಟು ಹಿಡಿಯುತ್ತೆ. ಕಮ್ಮಿ ಉಪ್ಪು ಬೇಕಾದೋರು ತಗೋಬೇಡಿ." ಜಾಡಿ ವಿವರದಾಗೂ "ಉಪ್ಪು ಮುಂದು" ಅಂತ ಸೇರಿಸಿದ್ಲು. ದುಡ್ಡು ವಾಪಸ್ ಕೊಡ್ತೀನಿ, ಆ ಮಾತು ತೆಗೀರಿ ಅಂತ ಮಾತ್ರ ಕೇಳ್ಲಿಲ್ಲ.

ವಾಟ್ಸಾಪ್ ಸ್ಕ್ರೀನ್‌ಶಾಟ್ ಹಾಗೇ ಹಾಕೋದೂ ಬೇಡ, ಫೋನ್ ನಂಬರು, ಮುಖ ಎಲ್ಲಾ ಕಾಣ್ತದೆ. ಕೇಳಿ, ಒಪ್ಪಿದೋರ ಹೆಸ್ರು ಹಾಕಿ. ಒಪ್ಪದೋರದು ಊರು ಮಾತ್ರ ಸಾಕು.

ಇದು ನನ್ನ ಹಟ ಮಾತ್ರ ಅಲ್ಲ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ IS 19000 ಅಂತ ಇದಕ್ಕೇ ಒಂದು ಮಾನದಂಡ ತಂದೈತೆ. ದುಡ್ಡು ಕೊಟ್ಟು ಬರೆಸಿದ್ದನ್ನ, ಮಾರೋರೇ ಜನ ಇಟ್ಟು ಬರೆಸಿದ್ದನ್ನ ಹಾಕಬಾರದು ಅನ್ನುತ್ತೆ. ಬರೆದೋರ ಮಾತು ತಿದ್ದಬಾರದು ಅಂತಾನೂ ಐತೆ.

ಅಕ್ಕಂದಿರಾ, ನೀವು ಬೇರೆಯೋರ ಹತ್ರ ಕೊಳ್ಳೋವಾಗಲೂ ನೋಡಿ. ಎಲ್ಲಾದಕ್ಕೂ ಐದೇ ಸ್ಟಾರು, ಒಂದೇ ವಾರದಾಗೆ ಬಂದಿರೋದು, ಯಾರೂ ಉಪ್ಪು, ಖಾರ, ಎಣ್ಣೆ ಸೋರಿದ್ದು ಅಂತ ಒಂದು ವಿವರಾನೂ ಹೇಳ್ದೆ "ಸೂಪರ್" ಅಂದಿರೋದು ಕಂಡ್ರೆ, ಮೊದ್ಲು ಚಿಕ್ಕ ಜಾಡಿನೇ ತರ್ಸಿ.