ಕಿವಿಯೊಳಗೆ ಕಂಡದ್ದು, ಕಾಣದ್ದು

ಮಕ್ಕಳ ಗಂಟಲು ನೋಡಬೇಕೆಂದರೆ ಬಾಯಿ ತೆರೆಸಿ, ಚಮಚದ ಹಿಡಿಯಿಂದ ನಾಲಗೆ ಒತ್ತಿದರೆ ಸಾಕು. ಕಿವಿ ಮಾತ್ರ ಹಾಗೆ ಸುಲಭಕ್ಕೆ ಒಲಿಯುವುದಿಲ್ಲ. ಅದರ ದಾರಿ ಕಿರಿದು, ಅದೂ ತುಸು ಬಾಗಿದ ದಾರಿ. ಹಲಸೂರಿನ ನಮ್ಮ ಮನೆಯಲ್ಲಿ ಅಮ್ಮ ನಮ್ಮನ್ನು ಬೆಳಗಿನ ಬಿಸಿಲಿಗೆ ಕೂರಿಸಿ, ತಲೆಯನ್ನು ತೊಡೆಯ ಮೇಲೆ ವಾಲಿಸಿಕೊಂಡು ಇಣುಕುತ್ತಿದ್ದರು. ಕಾಣುತ್ತಿದ್ದುದು ಬಾಗಿಲಲ್ಲಿದ್ದ ಗುಗ್ಗೆಯಷ್ಟೇ. ಕಂಡದ್ದಕ್ಕೂ ಕಾಣದ್ದಕ್ಕೂ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಒಂದೇ ಮದ್ದು.

ಈಗ ಕೆ.ಆರ್. ಪುರದಲ್ಲಿರುವ ನನ್ನ ಮಗಳ ಮನೆಗೆ ಕಿವಿಯೊಳಗೆ ನೋಡುವ ದೀಪವೇ ಬಂದಿದೆ. ಸಾಧಾರಣ ಸೀರೆಯೊಂದರ ಬೆಲೆ. ಪೆನ್ಸಿಲ್ಲಿನಂಥ ಕಡ್ಡಿ, ತುದಿಯಲ್ಲಿ ಪುಟ್ಟ ಕ್ಯಾಮೆರಾ, ಅದರ ಸುತ್ತ ಬೆಳಕು. ಕಿವಿಯ ಚಿತ್ರ ಮೊಬೈಲಿನಲ್ಲಿ ಅಂಗೈಯಗಲ ಕಾಣುತ್ತದೆ. ವೈದ್ಯರು ಹಿಡಿಯುವ ಓಟೋಸ್ಕೋಪಿನ ಮನೆಬಳಕೆಯ ತಮ್ಮ ಎನ್ನಬಹುದು.

ಮಗಳು ಅದನ್ನು ಬಳಸುವ ರೀತಿಯನ್ನು ಮಕ್ಕಳ ಡಾಕ್ಟರ ಹತ್ತಿರವೇ ಕೇಳಿ ಕಲಿತಿದ್ದಳು. ಮಗುವನ್ನು ಮಡಿಲಲ್ಲಿ ಅಡ್ಡಲಾಗಿ ಕೂರಿಸಿಕೊಂಡು, ಒಂದು ಕೈಯಿಂದ ಅದರ ತಲೆಯನ್ನು ಎದೆಗೆ ಒತ್ತಿ ಹಿಡಿಯಬೇಕು. ನೋವಿಲ್ಲದ ಕಿವಿ ಮೊದಲು. ಕಿವಿಯ ಹಾಲೆಯನ್ನು ಮೆಲ್ಲಗೆ ಹಿಂದಕ್ಕೆ, ತುಸು ಮೇಲಕ್ಕೆ ಎಳೆದರೆ ದಾರಿ ನೆಟ್ಟಗಾಗುತ್ತದೆ. ಎಳೆಗೂಸಾದರೆ ಹಿಂದಕ್ಕೆ, ಕೆಳಕ್ಕೆ. ಕಡ್ಡಿ ಹಿಡಿದ ಕೈ ಮಗುವಿನ ಕೆನ್ನೆಗೆ ತಾಗಿಕೊಂಡೇ ಇರಬೇಕು; ಮಗು ತಟ್ಟನೆ ತಿರುಗಿದರೆ ಕೈಯೂ ಜೊತೆಗೇ ತಿರುಗುತ್ತದೆ, ಕಡ್ಡಿ ಒಳಗೆ ಚುಚ್ಚುವುದಿಲ್ಲ. ತುದಿಯನ್ನು ಬಾಗಿಲಿನಿಂದ ಸ್ವಲ್ಪವೇ ಒಳಗಿಟ್ಟು ನಿಲ್ಲಿಸಬೇಕು. ದಾರಿ ಗುಗ್ಗೆಯಿಂದ ಮುಚ್ಚಿದ್ದರೆ ಅಂದಿಗೆ ಅಷ್ಟೇ ದರ್ಶನ.

ದಾರಿ ತೆರೆದಿದ್ದರೆ ಕೊನೆಯಲ್ಲಿ ಕಿವಿಯ ತಮಟೆ ಕಾಣುತ್ತದೆ. ಆರೋಗ್ಯವಾದ ತಮಟೆ ಮುತ್ತಿನ ಹಾಗೆ ಬೂದುಬಿಳುಪು, ಹಿಂದಿನದು ಅರೆಬರೆ ಕಾಣುವಷ್ಟು ತೆಳು. ನಡುವೆ ಪುಟ್ಟ ಮೂಳೆಯೊಂದರ ಹಿಡಿ ಗೆರೆಯಂತೆ ಇಳಿದಿರುತ್ತದೆ. ಕೆಳಗೆ ಮುಂಭಾಗದಲ್ಲಿ ಬೆಳಕಿನ ಸಣ್ಣ ತ್ರಿಕೋನ ಹೊಳೆಯುತ್ತದೆ. ಮೊಮ್ಮಗ ಚೆನ್ನಾಗಿದ್ದಾಗಲೇ ಒಮ್ಮೆ ಇದನ್ನು ನೋಡಿ, ಚಿತ್ರ ತೆಗೆದಿಟ್ಟುಕೊಂಡಿದ್ದಳು ಮಗಳು. ಅದೇ ಮುಂದೆ ಉಪಕಾರಕ್ಕೆ ಬಂತು.

ಮೊಮ್ಮಗನಿಗೆ ಆಗ ನಾಲ್ಕು ವರ್ಷ. ಒಂದು ರಾತ್ರಿ ಬಲಗಿವಿ ಹಿಡಿದುಕೊಂಡು ಅಳತೊಡಗಿದ. ಮಗಳು ನೋಡಿದಳು. "ಅಮ್ಮಾ, ಎರಡೂ ಕಿವಿ ಕೆಂಪಗಿದೆಯಲ್ಲ! ನೋವು ಅಂತಿರೋದು ಬಲಗಡೆ ಮಾತ್ರ" ಎಂದಳು. ಡಾಕ್ಟರು ಮೊದಲೇ ಬರೆದುಕೊಟ್ಟಿದ್ದ ನೋವಿನ ಔಷಧಿಯನ್ನು ತೂಕಕ್ಕೆ ತಕ್ಕಷ್ಟು ಕುಡಿಸಿ ಮಲಗಿಸಿದೆವು. ಬೆಳಿಗ್ಗೆ ಅವನು ನಗುತ್ತಾ ಹಾಲು ಕುಡಿಯುವಾಗ ಮತ್ತೆ ನೋಡಿದರೆ ಬಲಗಿವಿ ಹಳೆಯ ಚಿತ್ರದಂತೆಯೇ ಮುತ್ತಿನ ಬಣ್ಣ! ಎಡಗಿವಿಯಲ್ಲೂ ಕೆಂಪಿಲ್ಲ, ಆದರೆ ಹೊಳಪೂ ಇಲ್ಲ. ಬೆಲ್ಲದ ನೀರಿನಂಥ ಮಂಕು ಹಳದಿ.

ಇಂದಿರಾನಗರದಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆಯೊಬ್ಬರಿಗೆ ಎರಡೂ ಚಿತ್ರಗಳನ್ನು ತೋರಿಸಿದೆವು. "ನೋಡಿ ಅಮ್ಮ, ಅಳುವ ಮಗುವಿನ ಕೆನ್ನೆ ಕೆಂಪಾಗುತ್ತಲ್ಲ, ಹಾಗೇ ತಮಟೆಯೂ ಕೆಂಪಾಗುತ್ತೆ. ಜ್ವರ ಬಂದರೂ ಆಗುತ್ತೆ. ಕೆಂಪು ಬಣ್ಣ ಒಂದನ್ನೇ ನಂಬಿ ನಾನು ಔಷಧಿ ಬರೆಯೋಲ್ಲ" ಎಂದರು. ಕಿವಿಯೊಳಗೆ ಕೀವಾದಾಗ ಅವರು ಮುಖ್ಯವಾಗಿ ಹುಡುಕುವುದು ಉಬ್ಬನ್ನು. ಹಿಂದಿನಿಂದ ಒತ್ತಡ ಬಿದ್ದ ತಮಟೆ ನಡುವೆ ತಗ್ಗಿ ಸುತ್ತ ಉಬ್ಬುತ್ತದಂತೆ, ಥೇಟ್ ಉದ್ದಿನವಡೆಯ ಹಾಗೆ. ಆದರೆ ಮೊಬೈಲಿನ ಚಿತ್ರ ಚಪ್ಪಟೆ. ಬಣ್ಣ ಕಾಣುವಷ್ಟು ಸುಲಭವಾಗಿ ಉಬ್ಬುತಗ್ಗು ಅದರಲ್ಲಿ ಕಾಣುವುದಿಲ್ಲ.

ಆಮೇಲೆ ಅವರು ತಮ್ಮ ಓಟೋಸ್ಕೋಪಿಗೆ ರಬ್ಬರಿನ ಪುಟ್ಟ ಬುಗ್ಗೆಯೊಂದನ್ನು ಸಿಕ್ಕಿಸಿ, ಮಗುವಿನ ಕಿವಿಯೊಳಗೆ ಮೆಲ್ಲಗೆ ಗಾಳಿ ಬಿಟ್ಟು ನೋಡಿದರು. ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ತೆಳು ಪ್ಲಾಸ್ಟಿಕ್ಕನ್ನು ಬೆರಳಿನಿಂದ ತಟ್ಟಿ ನೋಡಿ. ಒಳಗೆ ಗಾಳಿಯಿದ್ದರೆ ಅದು ಹೋಗಿ ಬರುತ್ತದೆ. ಬಾಯಿಯವರೆಗೂ ರಸ ತುಂಬಿದ್ದರೆ ಅಲುಗುವುದಿಲ್ಲ. ಬಲಗಿವಿಯ ತಮಟೆ ಸಲೀಸಾಗಿ ಅಲುಗಿತು. ಎಡಗಿವಿಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಲ್ಲಿ ತಮಟೆಯ ಹಿಂದೆ ಅಂಟು ನೀರು ತುಂಬಿತ್ತು. ನೆಗಡಿಯ ನಂತರ ಮಕ್ಕಳಲ್ಲಿ ಇದು ಸಾಮಾನ್ಯ. ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ; ಆದರೆ ಕೇಳಿಸುವುದು ಮಂದವಾಗುತ್ತದೆ, ಕಿವಿಗೆ ಬೆರಳಿಟ್ಟುಕೊಂಡ ಹಾಗೆ. ಟಿ.ವಿ.ಯ ಹತ್ತಿರ ಹತ್ತಿರ ಹೋಗಿ ಕೂರುವುದು, ಕರೆದರೆ "ಹಾಂ? ಹಾಂ?" ಎನ್ನುವುದು ಎಲ್ಲ ನಮಗೆ ಆಗ ಅರ್ಥವಾಯಿತು.

ಹಾಗಾದರೆ ಬಲಗಿವಿಯ ನೋವು? ವೈದ್ಯೆ ಬಾಯಿ ತೆರೆಸಿದರು. ಬಲಗಡೆ ಕೆಳಗಿನ ದವಡೆಹಲ್ಲು ಹುಳುಕಾಗಿತ್ತು. ಕೆಳದವಡೆಯ ಹಲ್ಲಿಗೂ ಕಿವಿಗೂ ಹೋಗುವುದು ಒಂದೇ ನರದ ಕವಲುಗಳು. ಹಲ್ಲಿನ ನೋವನ್ನು ಮಗು ಕಿವಿಯ ನೋವೆಂದೇ ತಿಳಿಯುತ್ತದೆ. ನೋವಿದ್ದ ಕಿವಿಯಲ್ಲಿ ರೋಗವಿರಲಿಲ್ಲ, ರೋಗವಿದ್ದ ಕಿವಿಯಲ್ಲಿ ನೋವಿರಲಿಲ್ಲ!

ಎಡಗಿವಿಗೆ ಔಷಧಿಯನ್ನೇನೂ ಬರೆಯಲಿಲ್ಲ. ಈ ನೀರು ಬಹುಮಟ್ಟಿಗೆ 3 ತಿಂಗಳೊಳಗೆ ತಾನಾಗಿ ಇಳಿಯುತ್ತದೆ, ಕಾಯೋಣ ಎಂದರು. ಕಿವಿಯೊಳಗಿನ ಒತ್ತಡ ಬದಲಿಸಿ ತಮಟೆಯ ಅಲುಗಾಟವನ್ನು ಗೆರೆಯಾಗಿ ಬರೆಯುವ ಯಂತ್ರದಲ್ಲಿ ಅಂದು ಬಂದದ್ದು ಚಪ್ಪಟೆ ಗೆರೆ. ಮೂರನೆಯ ತಿಂಗಳು ಅದೇ ಗೆರೆ ಗುಡ್ಡದಂತೆ ಎದ್ದಿತು. ಕೇಳಿಸುವ ಪರೀಕ್ಷೆಯೂ ಸರಿಹೋಯಿತು. ಈ ಅಲುಗಾಟವನ್ನಾಗಲಿ ಕೇಳುವ ಶಕ್ತಿಯನ್ನಾಗಲಿ ಮನೆಯ ಕ್ಯಾಮೆರಾ ತೋರಿಸಲಾರದು. ಅದನ್ನು ಅಳೆಯಬೇಕೇ ಹೊರತು ನೋಡಿ ತಿಳಿಯಲಾಗದು.

ಹಾಗೆಂದು ಕಡ್ಡಿ ವ್ಯರ್ಥವೇನಲ್ಲ. ದಾರಿಯಲ್ಲಿ ಸಿಕ್ಕಿಕೊಂಡ ಮಣಿ, ಕಡಲೆಕಾಳು, ಗುಗ್ಗೆಯ ಮುದ್ದೆ, ಹರಿದು ಬಂದ ಕೀವು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಕಂಡದ್ದನ್ನು ತೆಗೆಯಲು ಹೋಗುವುದು ಮಾತ್ರ ಬೇರೆ ಮಾತು. ಕೆಲವು ಕ್ಯಾಮೆರಾಗಳ ತುದಿಗೆ ಗುಗ್ಗೆ ತೆಗೆಯುವ ಪುಟ್ಟ ಸೌಟನ್ನೂ ಕೊಡುತ್ತಾರೆ. ಚಪ್ಪಟೆ ಚಿತ್ರದಲ್ಲಿ ಆಳ ತಿಳಿಯುವುದಿಲ್ಲವಾದ್ದರಿಂದ, ಗುಗ್ಗೆಗೂ ತಮಟೆಗೂ ನಡುವೆ ಎಷ್ಟು ಜಾಗವಿದೆಯೆಂದು ಕೈಗೆ ಗೊತ್ತಾಗದು. ನನ್ನ ಮಗಳು ಅದನ್ನು ಡಬ್ಬಿಯಿಂದ ಹೊರತೆಗೆದೇ ಇಲ್ಲ. ಕಾಳು ಸಿಕ್ಕಿದ್ದರೆ ನೀರು ಬಿಡಬಾರದು, ಅದು ಉಬ್ಬಿ ಕೂರುತ್ತದೆ. ಗುಂಡಿಯಂಥ ಬ್ಯಾಟರಿ ಸೇರಿದ್ದರೆ ಗಂಟೆಗಳಲ್ಲೇ ಒಳಗಿನ ಚರ್ಮ ಸುಡುತ್ತದೆ. ಏನನ್ನೂ ಹಾಕದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಸೋರುವ ಕಿವಿಗೆ ಎಣ್ಣೆಯೂ ಬೇಡ, ಕಡ್ಡಿಯೂ ಬೇಡ.

ಚಿತ್ರ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಪಕ್ಕಕ್ಕಿಟ್ಟು ಹೊರಡಬೇಕಾದ ಹೊತ್ತುಗಳೂ ಇವೆ. ಕಿವಿಯ ಹಿಂದೆ ಊದಿ ಹಾಲೆ ಮುಂದಕ್ಕೆ ಚಾಚಿದರೆ, ಮುಖ ಒಂದು ಕಡೆಗೆ ವಾಲಿದರೆ, ಮಗು ಮಂಕಾಗಿ ವಾಂತಿ ಮಾಡಿಕೊಂಡರೆ, ಎಳೆಗೂಸಿಗೆ ಜ್ವರ ಬಂದರೆ ತಡಮಾಡುವಂತಿಲ್ಲ. ನೋವು ಎರಡು ದಿನ ಕಳೆದರೂ ಇಳಿಯದಿದ್ದರೂ ತೋರಿಸಲೇಬೇಕು. ಇವನ್ನು ನೋಡಲು ಕ್ಯಾಮೆರಾ ಬೇಕಿಲ್ಲ. ಇನ್ನು ಸದ್ದಿಲ್ಲದೆ ಮಂದವಾಗುವ ಕಿವಿಯನ್ನು ಹಿಡಿಯಲು ನನಗೆ ತಿಳಿದ ಉಪಾಯ ಒಂದೇ. ಮಗು ಆಟದಲ್ಲಿ ಮೈಮರೆತಿರುವಾಗ ಬೆನ್ನ ಹಿಂದೆ ನಿಂತು, ಪಿಸುಮಾತಿನಲ್ಲಿ "ಚಾಕಲೇಟ್ ಬೇಕಾ ಪುಟ್ಟಾ?" ಎಂದು ಕೇಳಿ. ದಿನವೂ ಕೇಳಿದರೂ ತಿರುಗದ ಮಗುವನ್ನು, ಕಿವಿ ಮುತ್ತಿನಂತೆ ಹೊಳೆಯುತ್ತಿದ್ದರೂ, ಪರೀಕ್ಷೆಗೆ ಕರೆದೊಯ್ಯಿರಿ.