ಬೀಡಿ ಸೇದದವರ ಹೊಗೆ

ಬೀಡಿಯ ಹೊಗೆಯನ್ನು ನಾವು ಚಟವೆನ್ನುತ್ತೇವೆ. ಮಹಾನಗರದ ಹೊಗೆಯನ್ನು ಮಾಲಿನ್ಯವೆನ್ನುತ್ತೇವೆ. ಒಲೆಯ ಹೊಗೆಗೆ ಮಾತ್ರ ಅಂಥ ಹೆಸರೇನೂ ಇಲ್ಲ. ಅದು ಅಡುಗೆಯ ಒಂದು ಭಾಗವೆಂದೇ ನಮ್ಮ ಎಣಿಕೆ. ಹೃದಯಕ್ಕಾದರೋ ಈ ಭೇದ ತಿಳಿಯದು. ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆ, ತಂಬಾಕು, ಡೀಸೆಲ್ ಇವುಗಳಲ್ಲಿ ಯಾವುದು ಅರೆಬರೆಯಾಗಿ ಉರಿದರೂ ಹೊರಡುವ ಕಣಗಳು ಬಹುಮಟ್ಟಿಗೆ ಒಂದೇ ಜಾತಿಯವು.

ಈ ಕಣಗಳ ಪೈಕಿ ಎರಡೂವರೆ ಮೈಕ್ರಾನಿಗಿಂತ ಸಣ್ಣವು, ಎಂದರೆ ತಲೆಗೂದಲಿನ ದಪ್ಪದ ಇಪ್ಪತ್ತು ಮೂವತ್ತನೆಯ ಒಂದು ಪಾಲಿನಷ್ಟಿರುವವು, ಮೂಗಿನಲ್ಲಿಯಾಗಲಿ ಗಂಟಲಿನಲ್ಲಿಯಾಗಲಿ ನಿಲ್ಲುವುದಿಲ್ಲ. ಅವು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ಹುಟ್ಟಿದ ಉರಿಯೂತ ರಕ್ತಕ್ಕೂ ಹರಡುತ್ತದೆ. ರಕ್ತನಾಳದ ಒಳಪದರ ತನ್ನ ನಯವನ್ನು ಕಳೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಳ್ಳುತ್ತದೆ. ಕೆಮ್ಮಿಲ್ಲದವರಲ್ಲಿಯೂ ಇದೆಲ್ಲ ನಡೆಯಬಹುದು. ಹೊಗೆಯ ಕೇಡು ಶ್ವಾಸಕ್ಕೆ ಮಾತ್ರ ಸಂಬಂಧಿಸಿದ್ದೆಂಬ ನಂಬಿಕೆ ಆದ್ದರಿಂದಲೇ ಅಪಾಯಕಾರಿ.

ಎರಡು ವರ್ಷಗಳ ಹಿಂದೆ ಗದಗ ಜಿಲ್ಲೆಯ ನಮ್ಮ ಊರಿನಿಂದ ದೊಡ್ಡವ್ವನನ್ನು ಪುಣೆಗೆ ಕರೆತಂದಿದ್ದೆವು. ವಯಸ್ಸು ಅರವತ್ತೆರಡು. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ, ರಕ್ತದೊತ್ತಡ 160ರ ಮೇಲೆ. ಆಸ್ಪತ್ರೆಯ ನಮೂನೆಯಲ್ಲಿ ಧೂಮಪಾನದ ಪ್ರಶ್ನೆ ಬಂದಾಗ ಆಕೆಗೆ ನಗು ಬಂತು. “ನಾ ಯಾಕ ಬೀಡಿ ಸೇದಲಿ, ತಮ್ಮಾ?” ಎಂದಳು. ನಾವು ‘ಇಲ್ಲ’ ಎಂದು ಬರೆದೆವು. ಅದು ನಿಜವೇ ಆಗಿತ್ತು. ವೈದ್ಯೆ ಮಾತ್ರ ಅದನ್ನು ಓದಿ, ಅಡುಗೆ ಯಾವುದರ ಮೇಲೆ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷದಿಂದ ಎಂದು ಕೇಳಿದರು. ಮದುವೆಯಾಗಿ ನಲವತ್ತೈದು ವರ್ಷ, ದಿನಕ್ಕೆ ಮೂರು ಗಂಟೆ. ಅವರು ಎರಡನ್ನೂ ಗುಣಿಸಿ 135 ಎಂದು ಬರೆದುಕೊಂಡರು. ಸಿಗರೇಟು ಸೇದುವವರಿಗೆ ದಿನದ ಪ್ಯಾಕುಗಳನ್ನು ವರ್ಷಗಳಿಂದ ಗುಣಿಸುವಂತೆಯೇ ಒಲೆಗೂ ಗಂಟೆ-ವರ್ಷದ ಲೆಕ್ಕವುಂಟೆಂದು ನಮಗೆ ತಿಳಿದದ್ದು ಅಂದು.

ಈ 135ನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಸಿಗರೇಟಿನೊಂದಿಗೆ ಹೋಲಿಸಿ ನೋಡಬಹುದು. ಒಂದು ಸಿಗರೇಟಿನಿಂದ ಸುಮಾರು 12 ಮಿಲಿಗ್ರಾಂ ಕಣ ಒಳಗೆ ಹೋಗುತ್ತದೆಂದು ಸಂಶೋಧಕರು ಲೆಕ್ಕ ಹಿಡಿಯುತ್ತಾರೆ. ಕಟ್ಟಿಗೆಯ ಒಲೆ ಉರಿಯುವಾಗ ಅಡುಗೆಮನೆಯ ಗಾಳಿಯಲ್ಲಿ ಒಂದು ಘನ ಮೀಟರಿಗೆ ಹಲವು ನೂರರಿಂದ ಸಾವಿರ ಮೈಕ್ರೋಗ್ರಾಂ ಮೀರಿಯೂ ಕಣಗಳಿರುವುದುಂಟು. 800 ಎಂದು ಹಿಡಿಯೋಣ. ಉಳಿದ 21 ಗಂಟೆಗಳಿಗೆ 50 ಎಂದಿಟ್ಟುಕೊಳ್ಳೋಣ. ಇಡೀ ದಿನದ ಸರಾಸರಿ ಸುಮಾರು 144 ಆಗುತ್ತದೆ. ದಿನಕ್ಕೆ 18 ಘನ ಮೀಟರ್ ಗಾಳಿ ಉಸಿರಾಡಿದರೆ ಒಳಗೆ ಹೋದದ್ದು ಎರಡೂವರೆ ಮಿಲಿಗ್ರಾಂ ಚಿಲ್ಲರೆ: ಒಂದು ಸಿಗರೇಟಿನ ಕಾಲುಭಾಗಕ್ಕಿಂತಲೂ ಕಡಿಮೆ.

ಇಷ್ಟೇ ತಾನೆ ಎಂದು ಸಮಾಧಾನಪಡುವಂತಿಲ್ಲ. 2009ರಲ್ಲಿ ಆರ್ಡೆನ್ ಪೋಪ್ ಮತ್ತು ಸಂಗಡಿಗರು ನಗರದ ಗಾಳಿ, ಪರರ ಸಿಗರೇಟಿನ ಹೊಗೆ ಹಾಗೂ ಸ್ವತಃ ಸೇದುವ ಸಿಗರೇಟು ಈ ಮೂರನ್ನೂ ಒಂದೇ ನಕ್ಷೆಯಲ್ಲಿಟ್ಟು, ಹೃದಯ ಮತ್ತು ರಕ್ತನಾಳಗಳ ರೋಗದಿಂದ ಬರುವ ಸಾವಿನ ಅಪಾಯವನ್ನು ನೋಡಿದರು. ದೊರೆತದ್ದು ಸರಳರೇಖೆಯಲ್ಲ. ಸೊನ್ನೆಯಿಂದ ಹೊರಟ ಗೆರೆ ಮೊದಲಲ್ಲಿಯೇ ಕಡಿದಾಗಿ ಏರಿ, ಆಮೇಲೆ ನಿಧಾನವಾಗುತ್ತದೆ. ಮುಂದೆ 2018ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯಂತೆ, ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ ಇಪ್ಪತ್ತು ಸೇದುವವರ ಹೆಚ್ಚುವರಿ ಹೃದಯಾಪಾಯದಲ್ಲಿ ಅರ್ಧದ ಸಮೀಪದಷ್ಟು ತಗಲುತ್ತದೆ. ಕಟ್ಟಿಗೆಯ ಒಲೆಯ ಮುಂದೆ ಕುಳಿತವರು ಪರರ ಹೊಗೆ ಮತ್ತು ಸ್ವಂತ ಸಿಗರೇಟು ಇವೆರಡರ ನಡುವೆ, ಗೆರೆ ಇನ್ನೂ ಏರುತ್ತಿರುವಲ್ಲಿ ಇದ್ದಾರೆ. ಗಂಡ ಒಳಗೆ ಕುಳಿತು ಬೀಡಿ ಸೇದುವ ಮನೆಯಲ್ಲಿ ಅದೂ ಇದಕ್ಕೇ ಕೂಡುತ್ತದೆ. ತಾವು ಸೇದದೆ ಪರರ ಹೊಗೆಯಲ್ಲಿ ಬಾಳುವವರ ಹೃದಯರೋಗದ ಅಪಾಯ ಶೇಕಡಾ 25ರಿಂದ 30ರಷ್ಟು ಹೆಚ್ಚು.

ಕಡಿದಾದ ಈ ಏರಿನಿಂದ ಇನ್ನೊಂದು ಮಾತೂ ಹೊರಡುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ನಮ್ಮ ಊರಿನ ಮನೆಮನೆಗೂ ಸಿಲಿಂಡರ್ ಬಂದಿದೆ. ಆದರೆ ಅದರ ಮೇಲೆ ಚಹಾ ಮಾತ್ರ. ಜೋಳದ ರೊಟ್ಟಿ ಕಟ್ಟಿಗೆಯ ಒಲೆಯ ಮೇಲೆ, ಸ್ನಾನದ ಹಂಡೆ ನೀರೊಲೆಯ ಮೇಲೆ. ದೊಡ್ಡವ್ವನ ಮೂರು ಗಂಟೆಗಳಲ್ಲಿ ಎರಡು ರೊಟ್ಟಿ-ಪಲ್ಯಕ್ಕೆ, ಒಂದು ಹಂಡೆಗೆ. ರೊಟ್ಟಿಯನ್ನು ಗ್ಯಾಸಿಗೆ ಸಾಗಿಸಿದರೆ ಸರಾಸರಿ 144ರಿಂದ 81ಕ್ಕೆ ಇಳಿಯುತ್ತದೆ. ಅಲ್ಲಿಗೇ ನಿಲ್ಲಿಸುವ ಮನೆಗಳೇ ಹೆಚ್ಚು. ಹಂಡೆಯ ಒಲೆಯನ್ನೂ ಬಿಟ್ಟರೆ 50ಕ್ಕೆ ಬರುತ್ತದೆ. ಎರಡನೆಯ ಇಳಿಕೆ ನೋಡಲು ಸಣ್ಣದು. ಆದರೆ ಗೆರೆಯ ಕೆಳತುದಿಯೇ ಹೆಚ್ಚು ಕಡಿದಾದ್ದರಿಂದ ಅಲ್ಲಿ ಇಳಿಸಿದ ಒಂದೊಂದು ಮೈಕ್ರೋಗ್ರಾಮಿನ ಫಲ ಮೇಲಿನದಕ್ಕಿಂತ ಹಿರಿದು. ಕೊನೆಗೆ ಉಳಿದ ಒಲೆಯನ್ನು ‘ಅದೊಂದು ಇರಲಿ’ ಎಂದು ಬಿಡಬಾರದೆಂಬುದಕ್ಕೆ ಕಾರಣ ಇದೇ.

50 ಕೂಡ ಶುದ್ಧ ಗಾಳಿಯಲ್ಲ. ನಮ್ಮ ದೇಶದ ವಾರ್ಷಿಕ ಮಿತಿ 40, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗದರ್ಶಿಯಲ್ಲಿ 5. ನೆರೆಮನೆಯ ಒಲೆ, ಸುಡುವ ಕಸ, ಹೆದ್ದಾರಿಯ ಲಾರಿ ಇವನ್ನು ಒಂದು ಮನೆಯವರು ತಡೆಯಲಾರರು. ಹೊಗೆಕೊಳವೆಯೂ ಒಳಗಿನದನ್ನು ಅಂಗಳಕ್ಕೆ ಸಾಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ; ಮಸಿ ಕಟ್ಟಿದರೆ, ಬಿರುಕು ಬಿಟ್ಟರೆ ಹೊಗೆ ಮತ್ತೆ ಒಳಕ್ಕೇ. ಹಾಗೆಂದು ಒಲೆ ಬದಲಿಸುವುದು ವ್ಯರ್ಥವಲ್ಲ. ಚೀನಾದ ಗ್ರಾಮಾಂತರದಲ್ಲಿ ಲಕ್ಷಗಟ್ಟಲೆ ಜನರನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನದಲ್ಲಿ, ಕಟ್ಟಿಗೆ-ಕಲ್ಲಿದ್ದಲಲ್ಲಿ ಅಡುಗೆ ಮಾಡುವವರ ಹೃದಯ-ರಕ್ತನಾಳ ರೋಗದ ಸಾವು ಸುಮಾರು ಶೇಕಡಾ 20ರಷ್ಟು ಹೆಚ್ಚಿತ್ತು. ಶುದ್ಧ ಇಂಧನಕ್ಕೆ ಬದಲಾದವರಲ್ಲಿ ಅಪಾಯ ಅದಕ್ಕಿಂತ ಕಡಿಮೆಯಿತ್ತು.

ಬಿಡಲಾಗದ ಕಡೆ ಒಲೆಯನ್ನು ಬಯಲಿಗೆ ಸಾಗಿಸಬಹುದು. ನೀರೊಲೆಗೆ ಇದು ಸುಲಭ. ಚೆನ್ನಾಗಿ ಒಣಗಿದ, ಸೀಳಿದ ಕಟ್ಟಿಗೆ ಇರಲಿ, ಹಸಿ ಕಟ್ಟಿಗೆಯೇ ಹೆಚ್ಚು ಹೊಗೆಯುವುದು. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಬೇಡ. ಹಂಡೆಗೆ ಮುಚ್ಚಳವಿದ್ದರೆ ಉರಿಸುವ ಹೊತ್ತೇ ಕಡಿಮೆಯಾಗುತ್ತದೆ. ಜಂತಿ ಕಪ್ಪಾಗಿದ್ದರೆ, ಗೋಡೆಗೆ ತೂಗಿದ ಬಿಳಿ ಬಟ್ಟೆ ವಾರದಲ್ಲಿ ಕಂದಿದರೆ ಹೊಗೆ ಒಳಗೇ ನಿಲ್ಲುತ್ತಿದೆಯೆಂದು ತಿಳಿಯಬೇಕು. ಆದರೆ ಕಣ್ಣಿಗೆ ಕಾಣದ ಹೊಗೆಯೂ ಉಂಟು: ಇದ್ದಿಲ ಕೆಂಡ ಹೊಗೆಯಾಡದೆಯೇ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಚಳಿಗೆಂದು ಅದನ್ನು ಮುಚ್ಚಿದ ಕೋಣೆಯಲ್ಲಿಡುವುದು ಪ್ರಾಣಾಪಾಯ.

ದೊಡ್ಡವ್ವ ಈಗ ಮಾತ್ರೆ ತಪ್ಪಿಸುವುದಿಲ್ಲ. ರೊಟ್ಟಿ ಗ್ಯಾಸಿನ ಮೇಲೆ, ಹಂಡೆ ಹಿತ್ತಿಲಿಗೆ ಹೋಗಿದೆ. “ರೊಟ್ಟಿ ಮೊದಲಿನ ರುಚಿ ಕೊಡೂದಿಲ್ಲ” ಎಂಬ ದೂರು ಉಳಿದಿದೆ. ಊರಿನಲ್ಲಿ ಒಲೆಯ ಮುಂದೆ ಬಾಳು ಕಳೆದ ತಾಯಿ, ಅತ್ತೆ, ಚಿಕ್ಕವ್ವಂದಿರು ನಮ್ಮೆಲ್ಲರಿಗೂ ಇದ್ದಾರೆ. ವೈದ್ಯರು ಕೇಳದಿದ್ದರೂ ಅವರ ಗಂಟೆ-ವರ್ಷವನ್ನು ನಾವೇ ಹೇಳಬೇಕು. ಹೆಂಗಸರಲ್ಲಿ ಹೃದಯಾಘಾತ ಎಷ್ಟೋ ಬಾರಿ ಎದೆನೋವಾಗಿ ಬರದೆ, ವಿಪರೀತ ಸುಸ್ತು, ಏದುಸಿರು, ತಣ್ಣನೆಯ ಬೆವರು, ದವಡೆ ಅಥವಾ ಬೆನ್ನಿನ ನೋವು, ಹೊಟ್ಟೆಯ ಮೇಲ್ಭಾಗದ ಉರಿಯಾಗಿ ಬರುತ್ತದೆ. ಅಂಥ ಹೊತ್ತಿನಲ್ಲಿ ಫೋನಿನ ಆಚೆಯಿಂದ “ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿದೀನಿ” ಎಂಬ ಮಾತು ಕೇಳಿದರೆ, ನಾವು ಹೇಳಬೇಕಾದದ್ದು 108ಕ್ಕೆ ಕರೆ ಮಾಡಿರಿ ಎಂದೇ.