ಪುಷ್ಪ ಹೋಗಿ ‘ವುವ್ವ’ ಆದಾಗ

ಚಿಕ್ಕಮ್ಮ ತಿಪಟೂರಿನಲ್ಲಿ ಹನ್ನೊಂದು ವರ್ಷ ಮನೆಯಲ್ಲೇ ಫಾಲ್, ಪಿಕೋ, ಬ್ಲೌಸು ಅಂತ ಹೊಲಿದವಳು. ಚೀಟಿ ದುಡ್ಡು ಕೈಗೆ ಬಂದ ಮೇಲೆ ಒಂದು ಪುಟ್ಟ ಮಳಿಗೆ ಹಿಡಿದಳು. ಹೆಸರು ‘ಪುಷ್ಪ ಟೈಲರ್ಸ್’. ಪುಷ್ಪ ಅಂದರೆ ತೀರಿಹೋದ ನಮ್ಮ ಅಜ್ಜಿ.

ಒಂದು ರಾತ್ರಿ ವಾಟ್ಸಾಪಿನಲ್ಲಿ ಫೋಟೊ ಬಂತು. ನೋಟ್‌ಬುಕ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಲೋಗೊ. ನಡುವೆ ಅಜ್ಜಿಯ ಕೈಮಿಷನ್ನು, ಪಕ್ಕದಲ್ಲಿ ಕತ್ತರಿ, ಮೇಲೊಂದು ನವಿಲು, ಸುತ್ತಲೂ ಅಂಕಿಗಳ ಸಮೇತ ಅಳತೆ ಟೇಪು. ಮಿಷನ್ನಿನಿಂದ ಹೊರಟ ದಾರ ಕೆಳಗೆ ಸುತ್ತಿ ಸುತ್ತಿ ‘ಪುಷ್ಪ ಟೈಲರ್ಸ್’ ಆಗಿತ್ತು. “ಹೆಂಗಿದೆ ಪುಟ್ಟಿ? ಶುಕ್ರವಾರ ಬೋರ್ಡ್ ಬರೆಯೋನು ಬರ್ತಾನೆ.”

ನಾನು ಬೆಂಗಳೂರಿನಲ್ಲಿ ಡಿಸೈನರ್. ಆಫೀಸಿನ ಗತ್ತಿನಲ್ಲೇ ಉತ್ತರ ಕಳಿಸಿದೆ: “ತುಂಬಾ ಜಾಸ್ತಿ ಆಯ್ತು ಚಿಕ್ಕಮ್ಮ, ಸ್ವಲ್ಪ ಸಿಂಪಲ್ ಮಾಡು.” ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಏನು ಜಾಸ್ತಿ, ಎಲ್ಲಿ ಜಾಸ್ತಿ ಅಂತ ನಾನು ಹೇಳಿರಲೇ ಇಲ್ಲ. ಬ್ಲೌಸ್ ಹಾಕಿಕೊಂಡವರು “ಸರಿಯಿಲ್ಲ” ಅಂದಷ್ಟೇ ಹೋಗಿಬಿಟ್ಟರೆ ಅವಳು ಬಿಚ್ಚುವುದಾದರೂ ಯಾವ ಹೊಲಿಗೆಯನ್ನು?

ಭಾನುವಾರ ಬಸ್ಸು ಹತ್ತಿದೆ. ಈ ಸಲ ಅಭಿಪ್ರಾಯ ಹೇಳಲಿಲ್ಲ. ಮೂರು ಕಡೆ ಇಟ್ಟು ನೋಡೋಣ ಅಂದೆ.

ಮೊದಲು ರಸ್ತೆ. ಚಿತ್ರವನ್ನು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ದೂರದಲ್ಲಿ ಪಕ್ಕದ ಮನೆಗೆ ಬಂದಿದ್ದ ಹುಡುಗನನ್ನು ನಿಲ್ಲಿಸಿದೆವು. ಅಂಗಡಿ ಹೆಸರು ಗೊತ್ತಿಲ್ಲದವನೇ ಬೇಕಿತ್ತು. ಗೊತ್ತಿರುವವರ ಕಣ್ಣು ತಪ್ಪನ್ನೂ ಸರಿಯಾಗಿಯೇ ಓದಿಬಿಡುತ್ತದೆ. ಅವನು ಕಣ್ಣು ಕಿರಿದು ಮಾಡಿ “ವುವ್ವ...?” ಅಂದ.

ಚಿಕ್ಕಮ್ಮನಿಗೆ ನಗು ಬರಲಿಲ್ಲ. ಅದು ಅವಳಮ್ಮನ ಹೆಸರು.

ನಾನು ಪೆನ್ಸಿಲ್ ಹಿಡಿದು ತೋರಿಸಿದೆ. ‘ಪ’ ಮೇಲ್ಗಡೆ ಬಾಯಿ ತೆರೆದಿರಬೇಕು, ಮುಚ್ಚಿದರೆ ‘ವ’. ಅದೇ ‘ಪ’ದ ಹೊಟ್ಟೆಯೊಳಗೆ ಗೀಟು ಬಿದ್ದರೆ ‘ಷ’. ‘ಪುಷ್ಪ’ದಲ್ಲಿ ಪ, ಷ, ಕೆಳಗೊಂದು ಒತ್ತು, ಮೂರೂ ಒಂದೇ ಮೈಕಟ್ಟಿನವು. ಬಿಡಿಸಿ ತೋರಿಸುವುದು ಆ ಸಣ್ಣ ಸಂದು, ಆ ಸಣ್ಣ ಗೀಟು ಮಾತ್ರ. ಬಿಡದೆ ಸುತ್ತುವ ದಾರ ಸಂದನ್ನು ಮುಚ್ಚಿತ್ತು, ಗೀಟನ್ನು ನುಂಗಿತ್ತು.

ಎರಡನೆಯದು ಲೇಬಲ್. ಬ್ಲೌಸಿನ ಕುತ್ತಿಗೆಗೆ ಹೊಲಿಯುವ ಒಂದು ಇಂಚಿನ ಪಟ್ಟಿಯ ಮೇಲೆ ಬಾಲ್ ಪೆನ್ನಿನಲ್ಲಿ ಅವಳೇ ಬರೆಯಲು ಕೂತಳು. ನವಿಲು ಕೋಳಿಯಾಯಿತು, ಟೇಪಿನ ಅಂಕಿಗಳು ಇರುವೆಯಾದವು. ಹೆಸರಿಗೆ ಜಾಗವೇ ಉಳಿಯಲಿಲ್ಲ. “ಮಾರ್ಜಿನ್ನೇ ಬಿಟ್ಟಿಲ್ವಲ್ಲೇ ನಾನು” ಅಂದಳು. ಅದೇ ಮಾತು. ಅಕ್ಷರದ ಸುತ್ತ ಖಾಲಿ ಬಿಡದಿದ್ದರೆ ಅದೂ ಕಂಕುಳ ಹತ್ತಿರ ಬಿಗಿಯಾದ ಬ್ಲೌಸೇ.

ಮೂರನೆಯದು ವಾಟ್ಸಾಪ್ ಡಿಪಿ. ದುಂಡಗೆ ಕತ್ತರಿಸಿದಾಗ ಹೆಸರಿನ ಎರಡೂ ತುದಿ ಹೋಯಿತು. ಉಳಿದದ್ದು ಕಪ್ಪಗಿದ್ದ ಮಿಷನ್ನು ಮಾತ್ರ.

ನವಿಲು, ಕತ್ತರಿ, ಟೇಪನ್ನು ಅವಳೇ ಅಳಿಸಿದಳು. ಮಿಷನ್ನಿನ ಹತ್ತಿರ ರಬ್ಬರ್ ಬಂದಾಗ ಕೈ ನಿಂತಿತು. “ಇದು ಅಮ್ಮಂದು ಕಣೇ.”

ನಾನು ಬರೀ ಅದರ ಕೈಚಕ್ರ ಬರೆದು ನೋಡಿದೆ. ಅದೇ ಹುಡುಗ “ಸೈಕಲ್ ಶಾಪಾ?” ಅಂದ. ತುಂಬಾ ಕಳೆದರೂ ಅರ್ಥವೇ ಕಳೆದುಹೋಗುತ್ತದೆ ಅಂತ ನನಗೂ ಪಾಠವಾಯಿತು. ಕೊನೆಗೆ ಇಡೀ ಮಿಷನ್ನನ್ನೇ ಉಳಿಸಿಕೊಂಡೆವು, ಆದರೆ ಹೂಬಳ್ಳಿ, ಸ್ಕ್ರೂ ಏನೂ ಇಲ್ಲದೆ ಬರೀ ಕಪ್ಪು ನೆರಳಿನ ಹಾಗೆ. ಹೆಸರು ಅದರ ಕೆಳಗೆ, ದಪ್ಪ ಬಿಡಿ ಅಕ್ಷರಗಳಲ್ಲಿ.

ದಾರ ಬೇಕೇ ಬೇಕು ಅಂದಳು. ಹೆಸರಿನ ಕೆಳಗೆ ಗೆರೆಯಾಗಿ ಎಳೆದರೆ ಒತ್ತಕ್ಷರಕ್ಕೆ ತಾಗುತ್ತಿತ್ತು. ಕನ್ನಡದಲ್ಲಿ ಅಡಿಗೆರೆಯ ತೊಂದರೆಯೇ ಇದು. ಆಗ ಅವಳೇ ‘ಟೈಲರ್ಸ್’ನ ಕೊನೆಯ ಅರ್ಕಾವೊತ್ತಿನ ಬಾಲ ಹಿಡಿದು ಬಲಕ್ಕೆ ಉದ್ದ ಎಳೆದು ತುದಿಗೊಂದು ಸೂಜಿ ಸಿಕ್ಕಿಸಿದಳು. ಯಾವ ಅಕ್ಷರಕ್ಕೂ ತೊಂದರೆಯಿಲ್ಲ. ನನ್ನ ತಲೆಗೆ ಅದು ಹೊಳೆದಿರಲಿಲ್ಲ.

ಬೋರ್ಡಿಗೆ ಪೂರ್ತಿ ಲೋಗೊ, ಡಿಪಿಗೆ ಮಿಷನ್ನು, ಲೇಬಲ್ಲಿಗೆ ‘ಪುಷ್ಪ’ ಒಂದೇ ಅಂತ ತೀರ್ಮಾನವಾಯಿತು. ಹುಡುಗನನ್ನು ಮತ್ತೆ ಕರೆಯಲಿಲ್ಲ, ಅವನಿಗೀಗ ಹೆಸರು ಗೊತ್ತಾಗಿತ್ತಲ್ಲ. ಹಾಲು ಕೊಡಲು ಬಂದವರಿಗೆ ತೋರಿಸಿದೆವು.

“ಪುಷ್ಪ ಟೈಲರ್ಸ್” ಅಂದರು, ನಿಲ್ಲದೆ. ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಕಾಫಿಗಿಡಲು ಒಳಗೆ ಹೋದಳು.